ಶಿಬಿರದ ಕರಪತ್ರದಿಂದ ನಾಟಕದ ಸಾಲನ್ನು ಕೈಬಿಡೋಣ

ಮಾರ್ಚ್ ಅರ್ಧ ಕಳೆಯುತ್ತಿದ್ದಂತೆ ಬೇಸಿಗೆ ಶಿಬಿರದ ಕರಪತ್ರಗಳು ದಿನಪತ್ರಿಕೆಯ ಮಡಿಕೆಯೊಳಗೆ, ಅಂಗಡಿಗಳ ಗಾಜಿನ ಮೇಲೆ, ವಾಟ್ಸ್ಯಾಪ್ ಗುಂಪುಗಳಲ್ಲಿ ಕಾಣಿಸಿಕೊಳ್ಳುತ್ತವೆ. ಊರು ಬೇರೆ, ಸಂಸ್ಥೆ ಬೇರೆ, ಒಕ್ಕಣೆ ಮಾತ್ರ ಹೆಚ್ಚುಕಡಿಮೆ ಒಂದೇ. ಚಿತ್ರಕಲೆ, ಕ್ರಾಫ್ಟ್, ಜೇಡಿಮಣ್ಣಿನ ಕೆಲಸ, ಮುಖವಾಡ, ಒರಿಗಾಮಿ, ಜನಪದ ಗೀತೆ, ಕಥೆ, ಮ್ಯಾಜಿಕ್, ದೇಸಿ ಆಟ, ಪ್ರಕೃತಿ ನಡಿಗೆ ಮತ್ತು ರಂಗಾಟ. ಕೊನೆಯಲ್ಲಿ ದಪ್ಪ ಅಕ್ಷರದ ಒಂದು ಸಾಲು: ‘ಸಮಾರೋಪದಂದು ಮಕ್ಕಳಿಂದ ನಾಟಕ ಪ್ರದರ್ಶನ’. ತಂದೆತಾಯಿಯರ ಕಣ್ಣು ಮೊದಲು ಹೋಗುವುದೇ ಆ ಸಾಲಿಗೆ. ಅದನ್ನೇ ಕೈಬಿಡಬೇಕೆಂದು ನಾನು ವಾದಿಸಹೊರಟಿದ್ದೇನೆ. ಬೇಸಿಗೆಯ ಧಗೆಯಲ್ಲಿ ಇಂಥ ಶಿಬಿರಗಳನ್ನು ಸ್ವಂತ ಕೈಯಿಂದ ಹಣ ಹಾಕಿ ನಡೆಸುವ ರಂಗಕರ್ಮಿ ಗೆಳೆಯರ ಬಗ್ಗೆ ನನಗೆ ಗೌರವವಿದೆ. ಅವರು ಇದನ್ನು ಓದಿ ಒಪ್ಪದಿದ್ದರೂ ಲೆಕ್ಕವನ್ನೊಮ್ಮೆ ನೋಡಲಿ ಎಂಬುದು ನನ್ನ ಕೋರಿಕೆ.

ಕರಪತ್ರವನ್ನು ನಾವು ಜಾಹೀರಾತು ಎಂದುಕೊಳ್ಳುತ್ತೇವೆ. ಶಿಬಿರದ ಒಳಗೆ ನಿಂತವರಿಗೆ ಗೊತ್ತು, ಅದೇ ಶಿಬಿರದ ವೇಳಾಪಟ್ಟಿ. ಏಪ್ರಿಲ್ ಎರಡನೇ ವಾರ ಶಾಲೆಗೆ ರಜೆ ಸಿಕ್ಕಿ ಮಕ್ಕಳು ಬಂದು ಕೂರುವ ಹೊತ್ತಿಗೆ, ಮಾರ್ಚ್‌ನಲ್ಲಿ ಅಚ್ಚಾದ ಮಾತುಗಳು ಪ್ರತಿಯೊಂದು ಗಂಟೆಯನ್ನೂ ಹಂಚಿಕೊಂಡುಬಿಟ್ಟಿರುತ್ತವೆ.

ನಮ್ಮ ಊರುಗಳಲ್ಲಿ ಸಾಮಾನ್ಯವಾಗಿ ಕಾಣುವ ಅಳತೆಯ ಒಂದು ಶಿಬಿರವನ್ನು ತೆಗೆದುಕೊಳ್ಳೋಣ. ಹನ್ನೆರಡು ದಿನ, ಬೆಳಿಗ್ಗೆ ಒಂಬತ್ತೂವರೆಯಿಂದ ಒಂದು ಗಂಟೆಯವರೆಗೆ, ಏಳರಿಂದ ಹದಿಮೂರು ವರ್ಷದ 40 ಮಕ್ಕಳು, ಮೂವರು ಮೇಷ್ಟ್ರು. ಒಟ್ಟು 42 ಗಂಟೆ. ಹಾಜರಿ, ಪ್ರಾರ್ಥನೆ, ತಿಂಡಿ, ಕೈತೊಳೆಯುವ ಸಾಲು, ಇವಕ್ಕೆ ದಿನಕ್ಕೆ ಮುಕ್ಕಾಲು ಗಂಟೆ ಹೋದರೆ ಉಳಿಯುವುದು 33 ಗಂಟೆ. ಇಪ್ಪತ್ತು ನಿಮಿಷದ ನಾಟಕವೊಂದನ್ನು ರಂಗದ ಮೇಲೆ ತರಬೇಕಾದರೆ ಆರನೆಯ ದಿನಕ್ಕಾದರೂ ಪಾತ್ರ ಹಂಚಿ ತಾಲೀಮು ಶುರು ಮಾಡಲೇಬೇಕು. ದಿನಕ್ಕೆ ಎರಡು ಗಂಟೆಯಂತೆ ಹನ್ನೊಂದನೆಯ ದಿನದವರೆಗೆ 12 ಗಂಟೆ. ಕೊನೆಯ ದಿನ ಬಣ್ಣ, ಬಾಡಿಗೆ ವೇಷ, ಮೈಕು, ಅತಿಥಿಗಳ ದಾರಿ ಕಾಯುವುದು. ಅದಿಷ್ಟೂ ಲೆಕ್ಕದಿಂದ ಹೊರಗೆ. ಪಟ್ಟಿಯಲ್ಲಿರುವ ಉಳಿದ ಹತ್ತು ಚಟುವಟಿಕೆಗಳಿಗೆ ಸಿಗುವುದು ಹೆಚ್ಚೆಂದರೆ 18 ಗಂಟೆ.

ಆ ಹನ್ನೆರಡು ಗಂಟೆ ಮಕ್ಕಳು ನಾಟಕ ಕಲಿಯುತ್ತಾರಲ್ಲ, ಅದು ನಷ್ಟ ಹೇಗಾದೀತು ಎಂದು ಯಾರಾದರೂ ಕೇಳಬಹುದು. ನ್ಯಾಯವಾದ ಪ್ರಶ್ನೆ. ಅದಕ್ಕೆ ಉತ್ತರ ತಾಲೀಮಿನ ಕೋಣೆಯಲ್ಲೇ ಇದೆ. ಇಪ್ಪತ್ತು ನಿಮಿಷ ಎಂದರೆ 1200 ಸೆಕೆಂಡು. ಹಾಡು, ಕುಣಿತಗಳಿಗೆ ಎಂಟು ನಿಮಿಷ ತೆಗೆದಿಟ್ಟರೆ 720 ಸೆಕೆಂಡು. ನಲವತ್ತು ಮಕ್ಕಳಿಗೆ ಸಮನಾಗಿ ಹಂಚಿದರೂ ತಲಾ 18 ಸೆಕೆಂಡು. ಸಮನಾಗಿ ಹಂಚುವವರು ಯಾರೂ ಇಲ್ಲ, ಹಂಚಲು ಆಗುವುದೂ ಇಲ್ಲ. ದೊಡ್ಡ ಪಾತ್ರಗಳು ನಾಲ್ಕೈದು ಮಕ್ಕಳಿಗೆ ಹೋಗುತ್ತವೆ, ಅದೂ ಗಂಟಲು ಮೊದಲೇ ತೆರೆದಿರುವ, ಮಾತು ಬೇಗ ಬಾಯಿಪಾಠವಾಗುವ ಮಕ್ಕಳಿಗೆ. ಆರು ದಿನದಲ್ಲಿ ಪ್ರದರ್ಶನ ಮುಗಿಸಬೇಕಾದ ನಿರ್ದೇಶಕ ಬೇರೇನು ಮಾಡಲು ಸಾಧ್ಯ? ಅಳುಕುವ ಮಗುವಿಗಾಗಿ ಕಾಯಲು ಅವರಿಗೆ ದಿನಗಳಿರುವುದಿಲ್ಲ.

ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ಯನ್ನು ಆಡಿಸುವ ಶಿಬಿರವನ್ನು ಕಲ್ಪಿಸಿಕೊಳ್ಳಿ. ಮಕ್ಕಳ ಗುಂಪಿಗೆ ಒಪ್ಪುವ ಕಥೆ, ಹಾಗಾಗಿ ಅನೇಕರು ಆರಿಸಿಕೊಳ್ಳುತ್ತಾರೆ. ಜೋಗಿ ಒಬ್ಬ, ಗೌಡ ಒಬ್ಬ, ಊರಿನವರು ಎಂಟು ಹತ್ತು ಮಂದಿ, ಉಳಿದವರೆಲ್ಲ ಇಲಿಗಳು. ಗೌಡನ ದೃಶ್ಯವನ್ನು ತಿದ್ದುವಾಗ ಇಲಿಗಳು ಗೋಡೆಯ ಬದಿ ಸಾಲಾಗಿ ಕೂತಿರುತ್ತವೆ. ಹತ್ತು ನಿಮಿಷ ಸುಮ್ಮನಿರುತ್ತವೆ, ಹನ್ನೊಂದನೆಯ ನಿಮಿಷಕ್ಕೆ ಗುಸುಗುಸು ಶುರು. ಒಬ್ಬ ಮೇಷ್ಟ್ರು ಬಾಯಿಗೆ ಬೆರಳಿಡಿಸುವ ಕೆಲಸಕ್ಕೆ ನಿಲ್ಲುತ್ತಾರೆ. ಎಂಟನೆಯ ದಿನದ ಹೊತ್ತಿಗೆ ನಿರ್ದೇಶಕರ ಬಾಯಲ್ಲಿ ಮೂರೇ ಸೂಚನೆ ಉಳಿದಿರುತ್ತವೆ: ಜೋರಾಗಿ ಹೇಳು, ಈ ಕಡೆ ಮುಖ ಮಾಡು, ಅಲ್ಲಿಂದ ಕದಲಬೇಡ. ಮೊದಲ ಐದು ದಿನ ಇದೇ ಮಕ್ಕಳು ಕನ್ನಡಿ ಆಟದಲ್ಲಿ ಎದುರಿನವರ ಕಣ್ಣನ್ನೇ ನೋಡುತ್ತ ಕೈ ಚಲಿಸಿದ್ದರು, ಪ್ರತಿಮೆ ಆಟದಲ್ಲಿ ಸಂತೆ ಕಟ್ಟಿದ್ದರು, ಒಂದು ಕೋಲನ್ನು ಕೊಳಲು ಮಾಡಿ, ಹುಟ್ಟು ಮಾಡಿ, ಮಗು ಮಾಡಿ ತೋರಿಸಿದ್ದರು. ನಾಟಕ ಅಂದರೆ ಅದು. ಆರನೆಯ ದಿನ ಪಾತ್ರಗಳ ಪಟ್ಟಿ ಓದಿದ ಮೇಲೆ ಆ ಆಟಗಳು ನಿಂತುಹೋಗುತ್ತವೆ. ಸಂಜೆ ಅಮ್ಮಂದಿರ ಫೋನು ಶುರುವಾಗುತ್ತದೆ: “ಮೇಷ್ಟ್ರೇ, ನಮ್ಮ ಹುಡುಗಿಗೆ ಏನು ಪಾತ್ರ? ಇಲಿನಾ?”

ಕೈಮೀರಿದಾಗ ಕೆಲವು ಕಡೆ ಮಾತುಗಳನ್ನೆಲ್ಲ ಮೊದಲೇ ಧ್ವನಿಮುದ್ರಿಸಿ, ವೇದಿಕೆಯಲ್ಲಿ ಮಕ್ಕಳಿಂದ ಬಾಯಾಡಿಸುತ್ತಾರೆ. ಮೈಕಿನ ತಾಪತ್ರಯ ತಪ್ಪುತ್ತದೆ, ಮಾತು ಮರೆಯುವ ಭಯವಿಲ್ಲ, ಹಿಂದಿನ ಸಾಲಿನ ಅಜ್ಜಿಗೂ ಕೇಳಿಸುತ್ತದೆ. ಆದರೆ ಎದುರಿನವನ ಮಾತು ಕೇಳಿ ಉತ್ತರ ಕೊಡುವುದೇ ಅಭಿನಯದ ಮೊದಲ ಪಾಠ. ಮುದ್ರಿತ ಧ್ವನಿ ಆ ಪಾಠವನ್ನೇ ತೆಗೆದುಹಾಕುತ್ತದೆ. ನೀವು ನೋಡುತ್ತಿರುವ ಮಕ್ಕಳ ನಾಟಕದಲ್ಲಿ ಹೀಗಾಗಿದೆಯೇ ಎಂದು ತಿಳಿಯಲು ಒಂದು ಗುರುತಿದೆ. ಮಕ್ಕಳ ಕಣ್ಣು ಪರಸ್ಪರರ ಮೇಲಿದೆಯೋ, ಪರದೆಯ ಬದಿ ನಿಂತ ಮೇಷ್ಟ್ರ ಮೇಲಿದೆಯೋ ನೋಡಿ.

ಈ ವಾದಕ್ಕೆ ಒಂದು ಗಟ್ಟಿಯಾದ ಅಪವಾದವಿದೆ, ಅದನ್ನು ಹೇಳದೆ ಮುಂದೆ ಹೋಗುವುದು ಸರಿಯಲ್ಲ. ಮೈಸೂರಿನ ರಂಗಾಯಣ ಬೇಸಿಗೆಯಲ್ಲಿ ನಡೆಸುತ್ತ ಬಂದಿರುವ ಚಿಣ್ಣರ ಮೇಳ ಸುಮಾರು ಒಂದು ತಿಂಗಳಿನದು. 1989ರಲ್ಲಿ ಬಿ.ವಿ. ಕಾರಂತರ ನಿರ್ದೇಶನದಲ್ಲಿ ಆರಂಭವಾದ ಆ ಸಂಸ್ಥೆಯಲ್ಲಿ ತರಬೇತಾದ ಕಲಾವಿದರಿದ್ದಾರೆ, ರಂಗಮಂದಿರ ಅವರದೇ, ಮಕ್ಕಳನ್ನು ಗುಂಪು ಗುಂಪಾಗಿ ಬೇರೆ ಮಾಡಿ ಬೇರೆ ಬೇರೆ ನಾಟಕ ಕಟ್ಟಿಸುವ ಕೈಗಳಿವೆ. ಅಲ್ಲಿ ಗಂಟೆಗಳ ಲೆಕ್ಕವೇ ಬೇರೆ. ಕಾರಂತರು ಮಕ್ಕಳ ರಂಗಭೂಮಿಗೆ ಕೊಟ್ಟ ದಾರಿಯೂ ಇಲ್ಲಿ ಮುಖ್ಯ. ಅವರ ನಾಟಕಗಳಲ್ಲಿ ಹಾಡುವ, ಕುಣಿಯುವ ಗುಂಪೇ ಕಥೆಯನ್ನು ಹೊತ್ತು ಸಾಗುತ್ತದೆ. ಆ ರೀತಿಯಲ್ಲಿ ಕಿಂದರಿಜೋಗಿಯನ್ನು ಕಟ್ಟಿದರೆ ನಲವತ್ತು ಮಕ್ಕಳೂ ಮೊದಲಿಂದ ಕೊನೆಯವರೆಗೆ ರಂಗದ ಮೇಲಿರಬಹುದು. ಅವರೇ ಇಲಿ, ಅವರೇ ಊರು, ಅವರೇ ಹೊಳೆ, ಕೊನೆಗೆ ಜೋಗಿಯ ಹಿಂದೆ ಹೋಗುವ ಮಕ್ಕಳೂ ಅವರೇ. ಯಾರೂ ಗೋಡೆಯ ಬದಿ ಕಾಯಬೇಕಿಲ್ಲ. ಆದರೆ ಇದಕ್ಕೆ ಸಂಗೀತ ಬಲ್ಲ ನಿರ್ದೇಶಕರು ಬೇಕು, ಹಾರ್ಮೋನಿಯಂ, ಚರ್ಮವಾದ್ಯಕ್ಕೆ ದಿನವೂ ಬರುವ ಒಬ್ಬರು ಬೇಕು, ಮೂರು ನಾಲ್ಕು ವಾರ ಬೇಕು. ಇವೆಲ್ಲ ಇದ್ದವರು ತಮ್ಮ ಕರಪತ್ರದಲ್ಲಿ ನಾಟಕದ ಸಾಲನ್ನು ಧೈರ್ಯವಾಗಿ ಉಳಿಸಿಕೊಳ್ಳಲಿ. ನನ್ನ ತಕರಾರಿರುವುದು ದೊಡ್ಡ ಮೇಳದ ಫಲವನ್ನು ಹನ್ನೆರಡು ದಿನದ ಶಿಬಿರ ತನ್ನ ಕರಪತ್ರದಲ್ಲಿ ಎರವಲು ಪಡೆಯುವುದಕ್ಕೆ.

ಕಲೆಯ ವಿಚಾರದಲ್ಲೂ ಕರಪತ್ರದ ಒಂದು ಮಾತು ಹೀಗೇ ತೊಂದರೆ ಕೊಡುತ್ತದೆ: ‘ದಿನಕ್ಕೊಂದು ಹೊಸ ಕಲಾಕೃತಿ’. ಓದಲು ಹಿತವಾಗಿದೆ. ಇದರ ಪರಿಣಾಮ ಏನೆಂದರೆ ಒಣಗಲು ಹೊತ್ತು ಬೇಕಾದ ಯಾವ ಕೆಲಸವೂ ಆ ಶಿಬಿರದಲ್ಲಿ ನಡೆಯುವುದಿಲ್ಲ. ಕಾಗದದ ಮುಖವಾಡವನ್ನೇ ನೋಡಿ. ಜೇಡಿಮಣ್ಣಿನಲ್ಲಿ ಮುಖದ ಅಚ್ಚು ಮಾಡಿ, ಅಂಟದಂತೆ ಮೇಲೆ ಒದ್ದೆ ಕಾಗದದ ಒಂದು ಪದರ ಹಾಕಿ, ಆಮೇಲೆ ಬೆರಳಗಲದ ದಿನಪತ್ರಿಕೆಯ ಚೂರುಗಳನ್ನು ಮೈದಾ ಅಂಟಿನಲ್ಲಿ ಅದ್ದಿ ನಾಲ್ಕೈದು ಪದರ ಹಚ್ಚಬೇಕು. ಎರಡೇ ಪದರ ಹಚ್ಚಿದರೆ ಒಣಗಿದ ಮೇಲೆ ಮುಖ ಸೊಟ್ಟಗಾಗುತ್ತದೆ; ಒಂದೇ ದಿನ ದಪ್ಪಕ್ಕೆ ಹಚ್ಚಿದರೆ ಒಳಗೆ ಹಸಿ ಉಳಿದು ವಾಸನೆ ಬರುತ್ತದೆ. ಏಪ್ರಿಲ್ ಬಿಸಿಲಿನಲ್ಲೂ ಪೂರ್ತಿ ಒಣಗಲು ಎರಡು ದಿನ ಬಿಡುವುದು ಒಳ್ಳೆಯದು. ಆಮೇಲೆ ಅಂಚು ಕತ್ತರಿಸಿ, ಬಿಳಿ ಬಣ್ಣ ಬಳಿದು, ಅದು ಒಣಗಿದ ನಂತರ ಕಣ್ಣು ಹುಬ್ಬು ಬರೆಯಬೇಕು. ಐದು ದಿನಗಳ ಮೇಲೆ ಹರಡಿದ ಕೆಲಸ, ಒಟ್ಟು ಕೈಯಾಡುವ ಹೊತ್ತು ಐದಾರು ಗಂಟೆ. ನಡುವೆ ಮಗು ಪ್ರತಿದಿನ ಬಂದು ತನ್ನ ಮುಖವಾಡವನ್ನು ಮುಟ್ಟಿ ನೋಡುತ್ತದೆ, ಒಣಗಿದೆಯೇ ಎಂದು ಬೆರಳಿನಿಂದ ತಟ್ಟುತ್ತದೆ, ಮೂಗು ಇನ್ನೂ ದೊಡ್ಡದಿರಬೇಕಿತ್ತು ಎಂದು ಎರಡು ಚೂರು ಹೆಚ್ಚು ಅಂಟಿಸುತ್ತದೆ. ಮಾಡಿದ್ದನ್ನು ಮರುದಿನ ಹೊಸ ಕಣ್ಣಿನಿಂದ ನೋಡಿ ಬದಲಿಸುವ ಅಭ್ಯಾಸ ಬರುವುದು ಹೀಗೆಯೇ.

ದಿನಕ್ಕೊಂದು ಕೃತಿ ಎಂದು ಮಾತು ಕೊಟ್ಟವರು ಇದನ್ನು ಮಾಡಲಾರರು. ಅವರಿಗೆ ಉಳಿಯುವುದು ಅಚ್ಚಾದ ಹೊರಗೆರೆಗೆ ಬಣ್ಣ ತುಂಬುವುದು, ಮಿನುಗುಪುಡಿ, ಥರ್ಮಾಕೋಲ್, ಮೊದಲೇ ಕತ್ತರಿಸಿಟ್ಟ ತುಂಡುಗಳನ್ನು ಜೋಡಿಸುವುದು. ಮೇಜಿನ ಮೇಲೆ ನಲವತ್ತು ಚಿಟ್ಟೆಗಳಿದ್ದು ಅಷ್ಟೂ ಒಂದೇ ಅಳತೆಯಲ್ಲಿದ್ದರೆ ಕತ್ತರಿ ಆಡಿಸಿದ್ದು ಮೇಷ್ಟ್ರು ಎಂದು ತಿಳಿಯಬಹುದು. ಮಣ್ಣಿನ ಕೆಲಸ ಮತ್ತು ಮುಖವಾಡ ಎರಡೇ ಇರುವ ಶಿಬಿರದ ಪಟ್ಟಿ ಬಡವಾಗಿ ಕಾಣುತ್ತದೆ, ನಿಜ. ಆದರೆ ಅದೇ ಮುಖವಾಡ ತೊಟ್ಟು ಮಗು ರಂಗಾಟಕ್ಕೆ ಇಳಿದರೆ ಎರಡು ಚಟುವಟಿಕೆಗಳು ಒಂದಾಗುತ್ತವೆ. ಮುಖ ಮುಚ್ಚಿದಾಗ ಮೈ ಮಾತಾಡಬೇಕಾಗುತ್ತದೆ, ನಾಚುವ ಮಗುವಿಗೆ ಅದರಷ್ಟು ಅನುಕೂಲ ಬೇರೆಯಿಲ್ಲ.

ಪ್ರಕೃತಿ ನಡಿಗೆಯ ಬಗ್ಗೆ ಕರಪತ್ರಗಳು ಒಂದೇ ಪದದಲ್ಲಿ ಮುಗಿಸುತ್ತವೆ. ನಿಜಕ್ಕೂ ನಡೆಯುವುದು ಒಂಬತ್ತನೆಯ ದಿನದ ಒಂದು ಬಸ್ ಪ್ರವಾಸ. ಹತ್ತು ಗಂಟೆಗೆ ಹೊರಟು ಹನ್ನೊಂದಕ್ಕೆ ತಲುಪುವ ಹೊತ್ತಿಗೆ ಹಕ್ಕಿಗಳು ನೆರಳು ಸೇರಿರುತ್ತವೆ, ಮಕ್ಕಳ ನೀರಿನ ಬಾಟಲಿ ಅರ್ಧ ಖಾಲಿಯಾಗಿರುತ್ತದೆ. ನಲವತ್ತು ಮಂದಿಯ ಸಾಲಿನಲ್ಲಿ ಮುಂದಿನವರು ಹೆಜ್ಜಾರ್ಲೆ ನೋಡಿದರೆ ಹಿಂದಿನವರಿಗೆ ಕಾಣುವುದು ಮುಂದಿನವರ ಬೆನ್ನುಚೀಲ. ನಾನು ಕೇಳುವುದು ಇದಕ್ಕಿಂತ ಚಿಕ್ಕದು. ಶಿಬಿರದ ಹತ್ತಿರದಲ್ಲೇ ಇನ್ನೂರು ಮುನ್ನೂರು ಮೀಟರಿನ ಒಂದು ದಾರಿ ಆರಿಸಿ, ಬೆಳಿಗ್ಗೆ ಆರೂ ಮುಕ್ಕಾಲರಿಂದ ಎಂಟರವರೆಗೆ, ಒಂದು ಸಲಕ್ಕೆ ಹದಿಮೂರು ಹದಿನಾಲ್ಕು ಮಕ್ಕಳು, ಮುಂದೊಬ್ಬರು ಹಿಂದೊಬ್ಬರು ಹಿರಿಯರು. ಪ್ರತಿ ತಂಡವೂ ಅದೇ ದಾರಿಯಲ್ಲಿ ಮೂರು ಸಲ ಹೋಗಲಿ. ಮೈಸೂರಿನಲ್ಲಾದರೆ ಕುಕ್ಕರಹಳ್ಳಿ ಕೆರೆ ಏರಿಯ ಒಂದು ತುಂಡು ಸಾಕು. ಬೇರೆ ಊರಿನಲ್ಲಿ ಹಳೆಯ ಶಾಲೆಯ ಹಿತ್ತಲಾದರೂ ಆದೀತು.

ಒಂದೇ ದಾರಿ ಏಕೆಂದರೆ ಬದಲಾವಣೆ ಕಾಣುವುದು ಎರಡನೆಯ ಸಲ ಬಂದಾಗ. ಏಪ್ರಿಲ್ ನಡುವಿನಲ್ಲಿ ಹೊಂಗೆಯ ಹೊಸ ಎಲೆ ಮಿರುಗುತ್ತಿರುತ್ತದೆ, ಹೂವು ನೆಲಕ್ಕೆ ಸುರಿದಿರುತ್ತದೆ. ಎಲೆಯನ್ನು ಬೆಳಕಿಗೆ ಹಿಡಿದರೆ ಬಿಳಿಯ ಅಂಕುಡೊಂಕು ಗೆರೆ ಕಾಣಬಹುದು; ಅದು ಎಲೆಯ ಎರಡು ಪದರಗಳ ನಡುವೆ ಪುಟ್ಟ ಹುಳುವೊಂದು ತಿನ್ನುತ್ತ ಸಾಗಿದ ದಾರಿ. ಒಂದು ತುದಿ ಸಪೂರ, ಇನ್ನೊಂದು ತುದಿ ಅಗಲ. ಯಾಕೆ ಹಾಗೆ ಎಂದು ಕೇಳಿ ಬಿಟ್ಟುಬಿಡಿ. ತಿಂದಂತೆ ಹುಳು ದೊಡ್ಡದಾಯಿತು ಎಂದು ಯಾರಾದರೊಬ್ಬ ಎಂಟು ವರ್ಷದವನು ಹೇಳಿಯೇ ಹೇಳುತ್ತಾನೆ. ಮಾವಿನ ಮರದಲ್ಲಿ ಚಗಳಿ ಇರುವೆಗಳು ಎಲೆಗಳನ್ನು ಹೊಲಿದ ಗೂಡಿದ್ದರೆ ದೂರದಿಂದ ನೋಡಲಿ. ನೂಲು ಬರುವುದು ಅವುಗಳ ಮರಿಗಳಿಂದ, ದೊಡ್ಡ ಇರುವೆಗಳು ಮರಿಯನ್ನು ಬಾಯಲ್ಲಿ ಹಿಡಿದು ಎಲೆಯ ಅಂಚಿನಿಂದ ಅಂಚಿಗೆ ಆಡಿಸುತ್ತವೆ. ಗೋಡೆಯ ಬುಡದ ಒಣ ಧೂಳಿನಲ್ಲಿ ಲಾಳಿಕೆಯಂಥ ಪುಟ್ಟ ಗುಂಡಿಗಳಿರುತ್ತವೆ, ಅವುಗಳ ತಳದಲ್ಲಿ ಇರುವೆಗಾಗಿ ಕಾಯುವ ಹುಳು. ನಡುವೆ ಒಂದು ಸಂಜೆ ಅಶ್ವಿನಿ ಮಳೆಯೋ ಭರಣಿ ಮಳೆಯೋ ಗುಡುಗಿ ಸುರಿದರೆ, ಮರುದಿನದ ನಡಿಗೆಯಲ್ಲಿ ಬಯಲಿನ ಗುಂಡಿಗಳೆಲ್ಲ ಅಳಿಸಿಹೋಗಿ ಸೂರಿನ ಕೆಳಗಿನವು ಮಾತ್ರ ಉಳಿದಿರುತ್ತವೆ. ದೀಪದ ಕಂಬದ ಬುಡದಲ್ಲಿ ಗೆದ್ದಲಿನ ಉದುರಿದ ರೆಕ್ಕೆಗಳು ಬಿದ್ದಿರಬಹುದು. ಇದನ್ನೆಲ್ಲ ಬಸ್ಸಿನಲ್ಲಿ ಒಮ್ಮೆ ಹೋಗಿಬರುವ ಮಗು ನೋಡಲಾರದು.

ಇದಕ್ಕೂ ಮಿತಿಗಳಿವೆ. ಬೆಳಿಗ್ಗೆ ಆರೂ ಮುಕ್ಕಾಲಿಗೆ ಮಕ್ಕಳನ್ನು ತಂದು ಬಿಡಲು ಎಲ್ಲ ಮನೆಗಳಿಗೂ ಆಗುವುದಿಲ್ಲ, ಆದ್ದರಿಂದ ನಡಿಗೆಯ ದಿನಗಳು ಕರಪತ್ರದಲ್ಲೇ ಇರಬೇಕು. ಹಿಂದಿನ ದಿನ ಒಬ್ಬರು ಆ ದಾರಿಯಲ್ಲಿ ತಲೆಯೆತ್ತಿ ನಡೆದು, ದೊಡ್ಡ ಮರಗಳಲ್ಲಿ, ನೀರಿನ ಟ್ಯಾಂಕಿನ ಅಡಿಯಲ್ಲಿ ಹೆಜ್ಜೇನು ಕಟ್ಟಿದೆಯೇ ನೋಡಿಕೊಂಡು ಬರಲೇಬೇಕು. ಕಟ್ಟಿದ್ದರೆ ದಾರಿ ಬದಲಿಸಬೇಕು, ಅದರಲ್ಲಿ ಯಾವ ರಾಜಿಯೂ ಬೇಡ.

ಹಾಗಾದರೆ ಕರಪತ್ರದಲ್ಲಿ ಬರೆಯುವುದೇನು? ನನ್ನ ಕೈಯಲ್ಲಿದ್ದರೆ ಹೀಗೆ ಅಚ್ಚು ಮಾಡಿಸುತ್ತಿದ್ದೆ:

“ಏಳರಿಂದ ಹದಿಮೂರು ವರ್ಷದ ಮಕ್ಕಳಿಗೆ ಹನ್ನೆರಡು ದಿನದ ಬೇಸಿಗೆ ಶಿಬಿರ. ಮೂರೇ ಕೆಲಸ: ಮಣ್ಣು ಮತ್ತು ಮುಖವಾಡ, ರಂಗಾಟ, ನಡಿಗೆ. ಒಟ್ಟು 40 ಮಕ್ಕಳು, ಮೂರು ತಂಡ, ಪ್ರತಿ ತಂಡಕ್ಕೆ ದಿನವೂ ಅದೇ ಮೇಷ್ಟ್ರು. ನಡಿಗೆ ಮೂರನೆಯ, ಏಳನೆಯ ಮತ್ತು ಹನ್ನೊಂದನೆಯ ದಿನ, ಬೆಳಿಗ್ಗೆ ಆರೂ ಮುಕ್ಕಾಲಿಗೆ. ಟೋಪಿ, ನೀರು, ಮುಚ್ಚಿದ ಚಪ್ಪಲಿ ಅಥವಾ ಶೂ ಇರಲಿ. ಬಟ್ಟೆ ಮಣ್ಣಾಗುತ್ತದೆ, ಹಳೆಯದನ್ನೇ ಹಾಕಿ ಕಳಿಸಿ. ಮುಖವಾಡ ಹತ್ತನೆಯ ದಿನದವರೆಗೆ ಶಿಬಿರದಲ್ಲೇ ಇರುತ್ತದೆ. ಸಮಾರೋಪದಲ್ಲಿ ನಾಟಕ ಇರುವುದಿಲ್ಲ. ಕೊನೆಯ ಎರಡು ದಿನ ಹನ್ನೊಂದರಿಂದ ಹನ್ನೆರಡೂವರೆಯವರೆಗೆ ತಂದೆತಾಯಿ, ಅಜ್ಜ ಅಜ್ಜಿ ಬಂದು ನೆಲದ ಮೇಲೆ ಕೂತು ಮಕ್ಕಳ ಆಟ ನೋಡಬಹುದು. ಯಾವ ಮಗುವನ್ನೂ ಒಂಟಿಯಾಗಿ ಮುಂದೆ ನಿಲ್ಲಿಸುವುದಿಲ್ಲ, ಬಯಸಿದ ಮಗುವನ್ನು ತಡೆಯುವುದೂ ಇಲ್ಲ.”

ಕೊನೆಯ ಎರಡು ದಿನದ ಆ ಒಂದೂವರೆ ಗಂಟೆಯಲ್ಲಿ ನೋಡಲು ಬೇಕಾದಷ್ಟಿರುತ್ತದೆ. ಹದಿಮೂರು ಮಕ್ಕಳ ತಂಡವನ್ನು ಮತ್ತೆ ಮೂರಾಗಿ ಒಡೆದು, ನಾಲ್ಕೈದು ಮಕ್ಕಳಿಗೆ ಹತ್ತು ನಿಮಿಷ ಕೊಟ್ಟು, ತಾವೇ ಕಟ್ಟಿದ ಮೂರು ನಿಮಿಷದ ದೃಶ್ಯ ಆಡಲು ಬಿಟ್ಟರೆ, ಪ್ರತಿ ಮಗುವೂ ಆ ಮೂರು ನಿಮಿಷವೂ ಆಟದೊಳಗಿರುತ್ತದೆ. ಹದಿನೆಂಟು ಸೆಕೆಂಡಿನ ಲೆಕ್ಕ ಇಲ್ಲಿ ನೂರ ಎಂಬತ್ತಾಗುತ್ತದೆ, ಬಾಯಿಪಾಠದ ಮಾತು ಒಂದೂ ಇರುವುದಿಲ್ಲ.

ಇಷ್ಟು ಹೇಳಿದ ಮೇಲೂ ವ್ಯವಸ್ಥಾಪಕರ ಒಂದು ಮಾತು ಉಳಿಯುತ್ತದೆ: ನಾಟಕದ ಸಾಲಿಲ್ಲದಿದ್ದರೆ ಮಕ್ಕಳು ಸೇರುವುದಿಲ್ಲ, ಹಾಲ್‌ನ ಬಾಡಿಗೆಯೂ ಗಿಟ್ಟುವುದಿಲ್ಲ. ಮೊದಲ ವರ್ಷ ಕೆಲವರು ಕಡಿಮೆಯಾಗಬಹುದು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಖರ್ಚಿನ ಪಟ್ಟಿಯನ್ನೂ ನೋಡಬೇಕು. ಬಾಡಿಗೆ ವೇಷ, ಮೇಕಪ್ ಮಾಡುವವರ ಸಂಭಾವನೆ, ಧ್ವನಿ ಬೆಳಕು, ರಂಗಮಂದಿರದ ಬಾಡಿಗೆ, ಬ್ಯಾನರ್, ಅತಿಥಿಗಳ ಹಾರ ಶಾಲು ಎಲ್ಲವೂ ಸಮಾರೋಪದ ಆ ಒಂದು ಸಂಜೆಯದೇ. ಆ ಹಣದಲ್ಲಿ ನಾಲ್ಕನೆಯ ಮೇಷ್ಟ್ರನ್ನು ಹನ್ನೆರಡು ದಿನಕ್ಕೆ ಕರೆಯಲು ಸಾಧ್ಯವೇ ಎಂದು ಪ್ರತಿ ಶಿಬಿರವೂ ತನ್ನ ಪುಸ್ತಕ ತೆರೆದು ನೋಡಿಕೊಳ್ಳಲಿ. ತಂಡ ಹದಿಮೂರರಿಂದ ಹತ್ತಕ್ಕೆ ಇಳಿಯುತ್ತದೆ. ಕರಪತ್ರದಲ್ಲಿ ದಪ್ಪ ಅಕ್ಷರದಲ್ಲಿ ಹಾಕಲು ಅದಕ್ಕಿಂತ ಒಳ್ಳೆಯ ಸಂಗತಿ ನನಗೆ ತೋಚುವುದಿಲ್ಲ.

ಈ ಏಪ್ರಿಲ್‌ನಲ್ಲಿ ಮಗುವನ್ನು ಸೇರಿಸುವ ಮೊದಲು ತಂದೆತಾಯಿಯರು ಫೋನಿನಲ್ಲಿ ಕೇಳಬಹುದಾದ ಪ್ರಶ್ನೆ ಒಂದಿದೆ: ಎಂಟನೆಯ ದಿನ ಹನ್ನೊಂದು ಗಂಟೆಗೆ, ನಮ್ಮ ಮಗು ಏನು ಮಾಡುತ್ತಿರುತ್ತದೆ? ‘ತಾಲೀಮು ನಡೆಯುತ್ತಿರುತ್ತೆ ಸಾರ್’ ಎಂದರೆ, ದೊಡ್ಡ ಪಾತ್ರ ಸಿಗದ ಮಕ್ಕಳು ಆಗ ಎಲ್ಲಿರುತ್ತಾರೆ ಎಂದು ಕೇಳಿ. ‘ಮುಖವಾಡಕ್ಕೆ ಬಿಳಿ ಬಣ್ಣ ಬಳಿಯುತ್ತಿರುತ್ತಾರೆ, ಇನ್ನೊಂದು ತಂಡ ಒಳಗೆ ಆಟ ಕಟ್ಟುತ್ತಿರುತ್ತದೆ’ ಎಂಬಂಥ ಉತ್ತರ ಬಂದರೆ, ಕರಪತ್ರದಲ್ಲಿ ನಾಟಕದ ಸಾಲು ಇದ್ದರೂ ಇಲ್ಲದಿದ್ದರೂ, ಅಲ್ಲಿ ಹೆಸರು ಬರೆಸಿ.